ಶುಕ್ರವಾರದ ಲೈಬ್ರರಿ ಪೀರಿಯಡ್ ಹೇಳುವ ಲೆಕ್ಕ

ಮಕ್ಕಳು ಎಷ್ಟು ಪುಸ್ತಕ ಒಯ್ಯುತ್ತಿದ್ದಾರೆ ಎಂದು ಅವಧಿಯ ಕೊನೆಗೆ ಮುಖ್ಯ ಶಿಕ್ಷಕರು ಕೇಳುತ್ತಾರೆ. ಗಣಕೀಕರಣಗೊಂಡ ಶಾಲೆಯಲ್ಲಿ ಗ್ರಂಥಪಾಲಕರ ಬಳಿ ಉತ್ತರ ಆಗಲೇ ಇರುತ್ತದೆ: ಆಗಾಗ ತೆಗೆದಿಟ್ಟ ಡ್ಯಾಶ್‌ಬೋರ್ಡ್ ಸ್ಕ್ರೀನ್‌ಶಾಟ್‌ಗಳು. ಅವನ್ನು ಸಾಲಾಗಿ ಅಂಟಿಸಿ, ಕೆಳಗೆ ‘ಆಗಸ್ಟ್‌ನಲ್ಲಿ ಇಳಿಕೆ’ ಎಂದು ಬರೆದರೆ ವರದಿ ಸಿದ್ಧವಾದಂತೆ ಕಾಣುತ್ತದೆ. ಎಡವಟ್ಟಾಗುವುದು ಇಲ್ಲೇ.

ಅನೇಕ ಡ್ಯಾಶ್‌ಬೋರ್ಡ್‌ಗಳು ತೋರಿಸುವುದು ‘ಕಳೆದ 30 ದಿನ’ಗಳ ಅಂಕಿಯನ್ನು, ತಿಂಗಳ ಅಂಕಿಯನ್ನಲ್ಲ. ಜುಲೈ 31ರಂದು ತೆಗೆದ ಚಿತ್ರ ಜುಲೈ 2ರಿಂದ ಎಣಿಸಿರುತ್ತದೆ, ಆಗಸ್ಟ್ 20ರಂದು ತೆಗೆದದ್ದು ಜುಲೈ 22ರಿಂದ. ಇವೆರಡನ್ನು ಕೂಡಿದರೆ ಜುಲೈನ ಕೊನೆಯ ಹತ್ತು ದಿನಗಳ ಪುಸ್ತಕಗಳು ಎರಡೆರಡು ಬಾರಿ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಚಿತ್ರದಲ್ಲಿ ಪರದೆಯ ಮೂಲೆಯ ದಿನಾಂಕವೂ ಸೇರಿರಬೇಕು, ಯಾವ ತರಗತಿ ಆಯ್ದಿದ್ದೀರಿ ಎಂಬುದೂ ಕಾಣಬೇಕು. ಅಂದವಾಗಿರಲೆಂದು ಅಂಚು ಕತ್ತರಿಸಿದ ಚಿತ್ರ ಮೂರು ತಿಂಗಳ ನಂತರ ಯಾವ ಉಪಯೋಗಕ್ಕೂ ಬರುವುದಿಲ್ಲ. ಕತ್ತರಿಸಲೇಬೇಕಾದದ್ದು ಒಂದೇ, ‘ಅತಿ ಹೆಚ್ಚು ಓದಿದವರು’ ಪಟ್ಟಿಯಲ್ಲಿರುವ ಮಕ್ಕಳ ಹೆಸರು. ಯಾವ ಮಗು ಏನು ಓದುತ್ತದೆ ಎಂಬುದು ಸಿಬ್ಬಂದಿ ಸಭೆಯಲ್ಲಿ ಕೈಯಿಂದ ಕೈಗೆ ಹೋಗಬಾರದು.

ದಿನಾಂಕ ಸರಿಯಿದ್ದರೂ ಮೋಸ ಹೋಗಬಹುದು. 2025ರ ಮೊದಲ ಅವಧಿಯನ್ನೇ ನೋಡೋಣ. ಆಗಸ್ಟ್ 11ರಂದು ಒಂದು ಸ್ಕ್ರೀನ್‌ಶಾಟ್, ಸೆಪ್ಟೆಂಬರ್ 10ರಂದು ಇನ್ನೊಂದು ತೆಗೆದಿದ್ದಾರೆ ಎನ್ನೋಣ. ಮೂವತ್ತು ಮೂವತ್ತು ದಿನ, ಒಂದರ ಮೇಲೊಂದು ಬೀಳುವುದಿಲ್ಲ. ಒಂಬತ್ತನೇ ತರಗತಿಗೆ ಶುಕ್ರವಾರ ಲೈಬ್ರರಿ ಪೀರಿಯಡ್, ಎಂಟನೆಯದಕ್ಕೆ ಗುರುವಾರ. ಲೆಕ್ಕ ತಿಳಿಯಲು ಅಂಕಿಗಳನ್ನು ನಾವೇ ಊಹಿಸಿಕೊಳ್ಳೋಣ: ಒಂಬತ್ತನೆಯವರ ಎರವಲು 112ರಿಂದ 58ಕ್ಕೆ ಇಳಿದಿದೆ, ಎಂಟನೆಯವರದು 116ರಿಂದ 92ಕ್ಕೆ. ಪರದೆಯ ಮೇಲಿನ ಗೆರೆ ನೋಡಿದ ಯಾರಾದರೂ ಒಂಬತ್ತನೆಯವರು ಓದುವುದನ್ನೇ ಬಿಟ್ಟರು ಎನ್ನುತ್ತಾರೆ.

ಈಗ ಗೋಡೆಯ ಕ್ಯಾಲೆಂಡರ್ ನೋಡಿ. ಆ ವರ್ಷ ಆಗಸ್ಟ್ 15 ಶುಕ್ರವಾರ ಬಂದಿತ್ತು. ಈದ್ ಮಿಲಾದ್ ರಜೆಯ ಸೆಪ್ಟೆಂಬರ್ 5 ಸಹ ಶುಕ್ರವಾರವೇ. ಎರಡನೇ ಚಿತ್ರದ ಅವಧಿಯಲ್ಲಿದ್ದ ನಾಲ್ಕು ಶುಕ್ರವಾರಗಳಲ್ಲಿ ಒಂಬತ್ತನೆಯವರು ಗ್ರಂಥಾಲಯಕ್ಕೆ ಬಂದದ್ದು ಎರಡೇ ದಿನ. ಮೊದಲು ನಾಲ್ಕು ಪೀರಿಯಡ್‌ಗೆ 112, ಅಂದರೆ ಸಲಕ್ಕೆ 28 ಪುಸ್ತಕ. ಆಮೇಲೆ ಎರಡಕ್ಕೆ 58, ಸಲಕ್ಕೆ 29. ಇಳಿದದ್ದು ಪೀರಿಯಡ್‌ಗಳು, ಓದು ಅಲ್ಲ. ಎಂಟನೆಯವರಿಗೆ ಎರಡೂ ಅವಧಿಗಳಲ್ಲಿ ನಾಲ್ಕು ಗುರುವಾರ ಪೂರ್ತಿ ಸಿಕ್ಕಿದ್ದವು. ಅಲ್ಲಿ ಸಲಕ್ಕೆ 29 ಇದ್ದದ್ದು 23 ಆಗಿದೆ. ಪರದೆಯಲ್ಲಿ ಸಣ್ಣದಾಗಿ ಕಂಡ ಇಳಿಕೆಯೇ ನಿಜವಾದದ್ದು, ಮುಖ್ಯ ಶಿಕ್ಷಕರ ಗಮನಕ್ಕೆ ತರಬೇಕಾದದ್ದೂ ಅದೇ.

ಅದರ ಒಳಗೂ ಇಣುಕಬೇಕು. ಕೆಲವು ಡ್ಯಾಶ್‌ಬೋರ್ಡ್‌ಗಳು ಹೊಸದಾಗಿ ಒಯ್ದದ್ದನ್ನೂ ರಿನ್ಯೂ ಮಾಡಿಸಿದ್ದನ್ನೂ ಒಟ್ಟಿಗೆ ‘ಎರವಲು’ ಎಂದು ತೋರಿಸುತ್ತವೆ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿ, ನಮ್ಮಲ್ಲೂ ಬಹಳ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ ‘ಕೊಹಾ’ ಎಂಬ ಉಚಿತ ತಂತ್ರಾಂಶ ಇವೆರಡನ್ನು ಬೇರೆ ಬೇರೆಯಾಗಿ ದಾಖಲಿಸುತ್ತದೆ, ಬೇಕಾದ ದಿನಾಂಕಗಳ ನಡುವಿನ ಅಂಕಿಯನ್ನು ಅದರಿಂದ ತೆಗೆಯಬಹುದು. ಎಂಟನೆಯವರ 92ರಲ್ಲಿ 30 ರಿನ್ಯೂ ಎಂದು ಗೊತ್ತಾದರೆ ಹೊಸ ಪುಸ್ತಕ 62 ಮಾತ್ರ. ರಿನ್ಯೂ ಹೆಚ್ಚಿದರೆ ಅದು ಕೆಟ್ಟದ್ದೇ ಆಗಬೇಕಿಲ್ಲ, ದಪ್ಪ ಕಾದಂಬರಿ ಹಿಡಿದ ಮಗುವಿಗೆ ಎರಡು ವಾರ ಸಾಲದು. ಆದರೆ ಒಂದೇ ಸಲಕ್ಕೆ ಇಡೀ ತರಗತಿಯ ರಿನ್ಯೂ ಏರಿದರೆ ಬೇರೆ ಕಾರಣ ಹುಡುಕಬೇಕು: ಕಪಾಟಿಗೆ ಹೊಸ ಪುಸ್ತಕ ಬಂದು ಬಹಳ ದಿನವಾಯಿತೇ? ಅಥವಾ ಆ ಪೀರಿಯಡ್‌ನಲ್ಲಿ ಪ್ರಾಜೆಕ್ಟ್ ಬರೆಸುತ್ತಿದ್ದಾರೆಯೇ? ಇದನ್ನು ಪರದೆ ಹೇಳುವುದಿಲ್ಲ. ತರಗತಿ ಶಿಕ್ಷಕರು ಹೇಳುತ್ತಾರೆ, ನಾಲ್ಕು ಮಕ್ಕಳನ್ನು ಕರೆದು ಕೇಳಿದರೆ ಅವರೂ ಹೇಳುತ್ತಾರೆ.

ಇನ್ನೊಂದು ಮಾತು. ತರಗತಿಗೆಲ್ಲ ಹಂಚಲೆಂದು ಭಾಷಾ ಶಿಕ್ಷಕರು ತಮ್ಮ ಕಾರ್ಡಿನಲ್ಲಿ ನಲವತ್ತು ಪ್ರತಿ ಒಯ್ದರೆ ಅದು ಸಿಬ್ಬಂದಿಯ ಲೆಕ್ಕಕ್ಕೆ ಸೇರುತ್ತದೆ. ಓದಿದವರು ಮಕ್ಕಳು, ಏರಿದ ಗೆರೆ ಶಿಕ್ಷಕರದ್ದು. ವರದಿಯಲ್ಲಿ ಇದಕ್ಕೆ ಒಂದು ಸಾಲಿನ ಟಿಪ್ಪಣಿ ಸಾಕು.

ಮುಖ್ಯ ಶಿಕ್ಷಕರಿಗೆ ಹತ್ತು ಚಿತ್ರ ಬೇಡ. ತರಗತಿ, ನಡೆದ ಪೀರಿಯಡ್, ಹೊಸ ಎರವಲು, ರಿನ್ಯೂ, ಒಮ್ಮೆಯಾದರೂ ಪುಸ್ತಕ ಒಯ್ದ ಮಕ್ಕಳ ಸಂಖ್ಯೆ, ಇಷ್ಟಿರುವ ಒಂದು ಪುಟ ಸಾಕು. ಕೊನೆಯ ಅಂಕಣವನ್ನು ಬಿಡಲೇಬಾರದು, ಏಕೆಂದರೆ 60 ಪುಸ್ತಕವನ್ನು ಹತ್ತೇ ಮಕ್ಕಳು ಒಯ್ದಿರಬಹುದು.

ಪುಟದ ಕೆಳಗೆ ಒಂದು ಕೋರಿಕೆ ಇರಬೇಕು, ಅದಕ್ಕೂ ಕ್ಯಾಲೆಂಡರ್ ಬೇಕು. ಒಂಬತ್ತನೆಯವರ ಶುಕ್ರವಾರವನ್ನು ಬದಲಿಸಿ ಎಂದು ಕೇಳಲು ಮನಸ್ಸಾಗುತ್ತದೆ. ಆದರೆ ದಸರಾ ನಂತರದ ಅವಧಿಯಲ್ಲಿ ಕ್ರಿಸ್‌ಮಸ್ ಬೀಳುವುದು ಗುರುವಾರ, 2026ರ ಜನವರಿ 15ರ ಸಂಕ್ರಾಂತಿ ರಜೆಯೂ ಗುರುವಾರ. ಆಗಲೇ ಹಿಂದೆ ಬಿದ್ದಿರುವ ಎಂಟನೇ ತರಗತಿಯೇ ಇನ್ನೆರಡು ಪೀರಿಯಡ್ ಕಳೆದುಕೊಳ್ಳುತ್ತದೆ. ಆ ಎರಡು ವಾರಗಳಲ್ಲಿ ಅವರಿಗೆ ಬದಲಿ ಪೀರಿಯಡ್ ಕೊಡಿ ಎಂದು ಗ್ರಂಥಪಾಲಕರು ಅಕ್ಟೋಬರ್‌ನಲ್ಲೇ ಬರೆದು ಕೊಟ್ಟರೆ ವೇಳಾಪಟ್ಟಿಯಲ್ಲಿ ಜಾಗ ಮಾಡಲು ಸಮಯವಿರುತ್ತದೆ.