ಒಗ್ಗರಣೆಯ ಘಾಟು ಹೊರಗೆ, ಗೀಸರ್‌ನ ಹೊಗೆ ಒಳಗೆ

ಶಿಕಾಗೋ ಹತ್ತಿರದ ಅಕ್ಕನ ಮನೆಯ ನೆಲಮಾಳಿಗೆಯಲ್ಲಿ ನಾವು ಮೂವರು ಗ್ಯಾಸ್ ಗೀಸರ್ ಮುಂದೆ ಕೂತಿದ್ದೆವು. ಮೆಕ್ಯಾನಿಕ್ ಕೇಳಿದ್ದಕ್ಕೆ ಅಕ್ಕ ದೇವರಮನೆಯಿಂದ ಒಂದು ಊದುಬತ್ತಿ ತಂದುಕೊಟ್ಟಿದ್ದಳು. ಅದನ್ನು ಹಚ್ಚಿ ಆತ ಗೀಸರ್‌ನ ನೆತ್ತಿಯ ಬಳಿ ಹಿಡಿದ. ಉರಿದ ಅನಿಲ ಹೊಗೆಕೊಳವೆಗೆ ಸೇರುವ ಆ ಜಾಗದಲ್ಲಿ ತಗಡಿನ ಟೋಪಿಯೊಂದಿದೆ, ಅದರ ಸುತ್ತ ಸಂದು ಬಿಟ್ಟಿರುತ್ತಾರೆ. ಊದುಬತ್ತಿಯ ಹೊಗೆ ಆ ಸಂದಿನೊಳಗೆ ನುಗ್ಗಿ ಮೇಲೇರಬೇಕಿತ್ತು. ಅದು ನಮ್ಮ ಮುಖದ ಕಡೆಗೆ ಬಂತು. ಐದು ನಿಮಿಷ ಕಾದರೂ ಹಾಗೇ ಬರುತ್ತಿತ್ತು. ಭಾವ ಮೇಲೆ ಹೋಗಿ ಅಡುಗೆಮನೆಯ ಚಿಮ್ನಿ ಆರಿಸಿದರು. ಸ್ವಲ್ಪ ಹೊತ್ತಿನಲ್ಲೇ ಹೊಗೆಯ ಎಳೆ ಬಾಗಿ ಸಂದಿನೊಳಗೆ ಹೋಯಿತು.

ಹಿಂದಿನ ಸಂಜೆ ನೆಲಮಾಳಿಗೆಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿತ್ತು. ಎಲ್ಲರೂ ಸ್ವೆಟರ್ ಕೂಡ ಹಾಕಿಕೊಳ್ಳದೆ ಹೊರಗೆ ಓಡಿದ್ದೆವು. ಕೆಲವು ವಾರಗಳಿಂದ ಅಡುಗೆ ಮಾಡಿದ ದಿನವೆಲ್ಲ ಅಕ್ಕನಿಗೆ ತಲೆನೋವು ಬರುತ್ತಿತ್ತು. ಚಳಿಯ ಕಾರಣ ಅಂದುಕೊಂಡಿದ್ದಳು.

ಮನೆಯಲ್ಲಿ ಕೆಟ್ಟಿದ್ದು ಏನೂ ಇರಲಿಲ್ಲ. ಹಳೆಯ ಕಿಟಕಿ ತೆಗೆಸಿ ಹೊಸದು ಹಾಕಿಸಿದ್ದರು, ಬಿರುಕುಗಳಿಗೆ ಫೋಮ್ ತುಂಬಿಸಿದ್ದರು, ಮೆಣಸಿನಕಾಯಿ ಘಾಟು ತಡೆಯಲಾರದೆ ದೊಡ್ಡ ಚಿಮ್ನಿ ಕೂಡಿಸಿದ್ದರು. ಅದರ ಸಾಮರ್ಥ್ಯ ನಿಮಿಷಕ್ಕೆ 900 ಘನ ಅಡಿ, ಅಂದರೆ ಸುಮಾರು 25 ಘನ ಮೀಟರ್ ಗಾಳಿ. ಹೊರಗೆ ಹೋದಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಮೊದಲು ಕಿಟಕಿಯ ಸಂದುಗಳಿಂದ ಬರುತ್ತಿತ್ತು. ಅವನ್ನೆಲ್ಲ ಮುಚ್ಚಿದ ಮೇಲೆ ಮನೆಯಲ್ಲಿ ದೊಡ್ಡದಾಗಿ ತೆರೆದೇ ಉಳಿದ ಬಾಯಿ ಒಂದೇ, ಗೀಸರ್‌ನ ಹೊಗೆಕೊಳವೆ.

ಅಕ್ಕನ ಮನೆಯಂಥ ಗೀಸರ್‌ನಲ್ಲಿ ಹೊಗೆ ತಳ್ಳಲು ಫ್ಯಾನ್ ಇಲ್ಲ. ಬಿಸಿ ಗಾಳಿ ಹಗುರ, ಅದು ತಾನಾಗಿ ಏರುತ್ತದೆ ಅನ್ನುವುದಷ್ಟೇ ಅದರ ಬಲ. ಆ ಬಲ ಎಷ್ಟು ಕಡಿಮೆ ಅಂದರೆ, ಮನೆಯೊಳಗಿನ ಒತ್ತಡ ಹೊರಗಿನದಕ್ಕಿಂತ 2 ಪ್ಯಾಸ್ಕಲ್‌ನಷ್ಟು ಇಳಿದರೂ ಇಂಥ ಗೀಸರ್‌ಗೆ ಅಪಾಯ ಎಂದು ಪರೀಕ್ಷಕರು ಎಣಿಸುತ್ತಾರೆ. ನೀರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಮಿಲಿಮೀಟರ್‌ನ ಐದನೇ ಒಂದು ಭಾಗ ಎತ್ತರದ ನೀರಿನ ಒತ್ತಡ. ಕಿವಿಗೆ, ಮೈಗೆ ಏನೂ ಗೊತ್ತಾಗುವುದಿಲ್ಲ. ಒಮ್ಮೆ ಕೊಳವೆಯಲ್ಲಿ ಹೊರಗಿನ ತಣ್ಣನೆ ಗಾಳಿ ಇಳಿಯಲು ಶುರುವಾದರೆ, ಆ ಭಾರದ ಗಾಳಿಯನ್ನು ತಳ್ಳಿ ಮೇಲೇರಲು ಹೊಸದಾಗಿ ಹೊತ್ತಿದ ಬರ್ನರ್‌ಗೆ ಶಕ್ತಿ ಸಾಲದು.

ಚೆನ್ನಾಗಿ ಉರಿಯುವ ಜ್ವಾಲೆಯಿಂದ ಬರುವುದು ಹೆಚ್ಚಾಗಿ ನೀರಾವಿ, ಇಂಗಾಲದ ಡೈಆಕ್ಸೈಡ್. ಆದರೆ ಹಿಂದೆ ಬಂದ ಹೊಗೆಯನ್ನೇ ಬರ್ನರ್ ಮತ್ತೆ ಎಳೆದುಕೊಂಡಾಗ ಅದಕ್ಕೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಕುರುಹು ಮಾತ್ರ ಉಳಿಯುತ್ತದೆ. ಟೋಪಿಯ ಸುತ್ತ ಹಿಡಿದ ತುಕ್ಕನ್ನೂ, ನೀರಿನ ಪೈಪ್ ಬುಡದಲ್ಲಿ ಕರಗಿ ವಕ್ರವಾದ ಪ್ಲಾಸ್ಟಿಕ್ ಉಂಗುರವನ್ನೂ ಮೆಕ್ಯಾನಿಕ್ ಬೆರಳಿಟ್ಟು ತೋರಿಸಿದ. ಇಷ್ಟು ದಿನ ಬಟ್ಟೆ ಒಗೆಯಲು ಇಳಿದಾಗಲೆಲ್ಲ ನಾವು ಅದರ ಪಕ್ಕದಲ್ಲೇ ಓಡಾಡಿದ್ದೆವು.

'ಕಿಟಕಿ ಸ್ವಲ್ಪ ತೆರೆದರಾಯಿತಲ್ಲ' ಎಂದರು ಭಾವ. ನಾನು ಕೂತು ಲೆಕ್ಕ ಹಾಕಿದೆ. ಒತ್ತಡ 2 ಪ್ಯಾಸ್ಕಲ್ ದಾಟದಂತೆ ಅಷ್ಟೂ ಗಾಳಿ ಒಳಬರಬೇಕಾದರೆ ಸುಮಾರು ಎರಡಡಿ ಅಗಲ, ಎರಡಡಿ ಎತ್ತರದ ಕಿಂಡಿ ಬೇಕು. ಬೆರಳಗಲ ತೆರೆದರೆ ಸಾಲದು. ಚಳಿಗಾಲದಲ್ಲಿ ಮಹಡಿಯ ಕಿಟಕಿ ತೆರೆದರಂತೂ ಬಿಸಿ ಗಾಳಿ ಅಲ್ಲಿಂದ ಏರಿಹೋಗಿ ನೆಲಮಾಳಿಗೆಯ ಒತ್ತಡ ಇನ್ನಷ್ಟು ಇಳಿಯಬಹುದು. ತೆರೆಯುವುದಾದರೆ ಕೆಳಗಿನದ್ದೇ ತೆರೆಯಬೇಕು. ಅಮೆರಿಕದ ಮಾದರಿ ಕಟ್ಟಡ ನಿಯಮದಲ್ಲಿ ನಿಮಿಷಕ್ಕೆ 400 ಘನ ಅಡಿ ಮೀರಿದ ಚಿಮ್ನಿಗೆ ಬದಲಿ ಗಾಳಿಯ ಏರ್ಪಾಡು ಬೇಕು ಎಂದಿರುವುದು ಇದಕ್ಕೇ: ಚಿಮ್ನಿ ಓಡಿದ ತಕ್ಷಣ ಹೊರಗಿನ ಗಾಳಿಗೆ ತಾನೇ ತೆರೆದುಕೊಳ್ಳುವ ಬಾಗಿಲು.

ಅಕ್ಕನ ಮನೆಯಲ್ಲಿ ಆ ಬಾಗಿಲನ್ನೂ ಹಾಕಿಸಿದರು, ಗೀಸರನ್ನೂ ಬದಲಿಸಿದರು. ಹೊಸದು ಉರಿಯಲು ಬೇಕಾದ ಗಾಳಿಯನ್ನು ಒಂದು ಪೈಪಿನಲ್ಲಿ ಹೊರಗಿನಿಂದಲೇ ತಂದುಕೊಂಡು, ಹೊಗೆಯನ್ನು ಇನ್ನೊಂದರಲ್ಲಿ ಹೊರಗೇ ಬಿಡುತ್ತದೆ. ಮನೆಯ ಗಾಳಿಯನ್ನು ಅದು ಮುಟ್ಟುವುದೇ ಇಲ್ಲ.

ಬೆಂಗಳೂರಿಗೆ ಬಂದವನು ಮೊದಲು ನಮ್ಮ ಫ್ಲಾಟ್‌ನ ಚಿಮ್ನಿ ಡಬ್ಬ ಹುಡುಕಿದೆ. ಗಂಟೆಗೆ 1200 ಘನ ಮೀಟರ್ ಎಂದು ಬರೆದಿತ್ತು. ಅಕ್ಕನ ಮನೆಯದಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೆ. ಅಡುಗೆಮನೆಗೆ ಅಂಟಿಕೊಂಡ ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಇದೆ, ಅದರ ಪೈಪು ಗಾಜಿನ ಕಿಟಕಿಯಿಂದ ಹೊರಗೆ ಹೋಗುತ್ತದೆ. ಪೈಪೇ ಇಲ್ಲದ ಗೀಸರ್ ಆಗಿದ್ದರೆ ಹೊಗೆಯೆಲ್ಲ ಕೋಣೆಯಲ್ಲೇ ಉಳಿಯುತ್ತದೆ, ಪರೀಕ್ಷೆಯ ಮಾತೇ ಇಲ್ಲ. ಕಿಟಕಿ ಬಾಗಿಲು ಮುಚ್ಚಿ, ಚಿಮ್ನಿ ಜೋರಾಗಿ ಹಾಕಿ, ಗೀಸರ್ ಹೊತ್ತಿಸಿ ಊದುಬತ್ತಿ ಹಿಡಿದೆ. ಹೊಗೆ ನನ್ನ ಕಡೆಗೆ ಬಂತು. ಅವತ್ತಿನಿಂದ ಯುಟಿಲಿಟಿಯ ಜಾರುಗಾಜನ್ನು ಕಳಚಿ ಅಟ್ಟದ ಮೇಲೆ ಇಟ್ಟಿದ್ದೇನೆ. ಅಲ್ಲೀಗ ಬರೀ ಜಾಲರಿ.