ಸ್ಲ್ಯಾಬ್ ಹಾಕಿದ್ದು ಯಾವಾಗ? ವಿಡಿಯೊ ಫೈಲೇ ಹೇಳಿದ ಲೆಕ್ಕ

ಇಲ್ಲಿ ದುಡಿದು ಊರಿನಲ್ಲಿ ಮನೆ ಕಟ್ಟಿಸುವ ನಮ್ಮಂಥವರಿಗೆ ಕೆಲಸ ಎಲ್ಲಿಗೆ ಬಂತೆಂದು ತಿಳಿಯುವುದು ವಾಟ್ಸಾಪಿನಲ್ಲಿ ಬರುವ ವಿಡಿಯೊಗಳಿಂದಲೇ. ಅದನ್ನು ನೋಡಿಯೇ ಮುಂದಿನ ಕಂತು ಕಳಿಸುತ್ತೇವೆ. 2024ರ ಜೂನ್ 12ರಂದು ಶಾರ್ಜಾದ ನಮ್ಮ ರೂಮಿನ ಗೆಳೆಯರೊಬ್ಬರಿಗೆ ಕುಂದಾಪುರದ ಕಡೆಯಿಂದ ಅಂಥದೊಂದು ವಿಡಿಯೊ ಬಂತು. "ಮೇಲಿನ ಸ್ಲ್ಯಾಬ್ ನಿನ್ನೆ ಆಯ್ತು, ಮೂರು ಲಕ್ಷ ಹಾಕಿ" ಎಂದಿದ್ದರು ಕಂಟ್ರಾಕ್ಟರು. ಊರಲ್ಲಿ ವಾರದಿಂದ ಮಳೆ; ವಿಡಿಯೊದಲ್ಲಿ ಮಾತ್ರ ಸುಡುಬಿಸಿಲು. ಹಣ ಹಾಕುವ ಮೊದಲು ಫೈಲನ್ನೇ ಒಮ್ಮೆ ನೋಡೋಣ ಎಂದು ಕುಳಿತೆವು.

ಪ್ರತಿ ವಿಡಿಯೊ ಫೈಲಿನೊಳಗೆ ಚಿತ್ರ, ಧ್ವನಿಯ ಜೊತೆಗೆ ಒಂದು ಸಣ್ಣ ವಿವರಪಟ್ಟಿಯೂ ಇರುತ್ತದೆ. ಯಾವಾಗ ತೆಗೆದದ್ದು, ಯಾವ ಫೋನು, ಸೆಕೆಂಡಿಗೆ ಎಷ್ಟು ಫ್ರೇಮು, ಯಾವ ಕೋಡೆಕ್ ಎಂಬುದೆಲ್ಲ ಅದರಲ್ಲಿರುತ್ತದೆ. ಇದೇ ಮೆಟಾಡೇಟಾ. ಆದರೆ ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ವಿಡಿಯೊದಲ್ಲಿ ಇದನ್ನು ಹುಡುಕಿ ಫಲವಿಲ್ಲ. ವಾಟ್ಸಾಪ್ ವಿಡಿಯೊವನ್ನು ಕುಗ್ಗಿಸಿ ಹೊಸದಾಗಿ ಬರೆಯುವಾಗ ಫೋನಿನ ಹೆಸರು ಅಳಿಸಿಹೋಗುತ್ತದೆ. ತಾರೀಖು ಉಳಿದರೂ ಅದು ಕಳಿಸಿದ ಹೊತ್ತಿನದು. ಕೆಲವೊಮ್ಮೆ ಬರೀ ಸೊನ್ನೆಗಳು. ಫೈಲಿನ ಹೆಸರು `VID-20240612-WA0007.mp4` ಎಂದಿದ್ದರೆ ಆ ತಾರೀಖನ್ನೂ ಚಿತ್ರೀಕರಣದ ದಿನವೆಂದು ತಿಳಿಯಬಾರದು.

ಹಾಗಾಗಿ ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿದೆವು. ಐಫೋನಿನವರು ವಿಡಿಯೊವನ್ನು ಮೊದಲು ಫೈಲ್ಸ್ ಆ್ಯಪಿಗೆ ಉಳಿಸಿಕೊಂಡು, ಅಲ್ಲಿಂದ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಬಹುದು. ಬಂದ ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿ, ಉಚಿತವಾಗಿ ಸಿಗುವ ಎಕ್ಸಿಫ್‌ಟೂಲ್‌ನಲ್ಲಿ ತೆರೆದೆವು.

```
exiftool -G1 -a -s IMG_4127.MOV
```

ಉದ್ದನೆಯ ಪಟ್ಟಿ ಬಂತು. ನಮಗೆ ಬೇಕಾಗಿದ್ದು ಇಷ್ಟೇ ಸಾಲು:

```
[QuickTime] CreateDate   : 2024:06:12 05:40:33
[Keys] Make              : Apple
[Keys] CreationDate      : 2024:03:18 16:42:10+05:30
[Track1] CompressorID    : hvc1
[Track1] VideoFrameRate  : 29.98
```

ಎರಡು ತಾರೀಖು ಕಂಡು ಮೊದಲು ನಾವೂ ಗೊಂದಲಕ್ಕೆ ಬಿದ್ದೆವು. ಮೊದಲನೆಯದು ಈ ಫೈಲು ತಯಾರಾದ ಹೊತ್ತು. ಅದನ್ನು ಯುಟಿಸಿ ಸಮಯದಲ್ಲಿ ಬರೆದಿರುತ್ತದೆ. ಐದೂವರೆ ಗಂಟೆ ಸೇರಿಸಿದರೆ ಊರಿನ ಸಮಯ ಬೆಳಗ್ಗೆ 11 ಗಂಟೆ 10 ನಿಮಿಷ. ಯುಎಇಯವರು ನಾಲ್ಕು ಗಂಟೆ, ಸೌದಿ, ಕತಾರ್, ಕುವೈತ್, ಬಹರೈನ್‌ನವರು ಮೂರು ಗಂಟೆ ಸೇರಿಸಿದರೆ ತಮ್ಮ ಗಡಿಯಾರದ ಹೊತ್ತು ಸಿಗುತ್ತದೆ. ಎರಡನೆಯದು ಐಫೋನು ಚಿತ್ರೀಕರಿಸುವಾಗ ಸ್ಥಳೀಯ ಸಮಯದಲ್ಲೇ ಬರೆದದ್ದು. ಕೊನೆಯ +05:30 ಎಂದರೆ ಭಾರತದ ಸಮಯ. ವಿಡಿಯೊವನ್ನು ಕತ್ತರಿಸಿ ಉಳಿಸಿದಾಗ, ಹಂಚಿಕೊಂಡಾಗ ಮೊದಲನೆಯ ತಾರೀಖು ಬದಲಾಗಬಹುದು. ಎರಡನೆಯದು ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಅಂದರೆ ಜೂನ್ 12ರಂದು ತಯಾರಾದ ಈ ಪ್ರತಿಯ ದೃಶ್ಯ ಮಾರ್ಚ್ 18ರದು!

ಉಳಿದ ಎರಡು ಸಾಲುಗಳೂ ಇದಕ್ಕೆ ಹೊಂದಿದವು. `hvc1` ಎಂದರೆ ಈಚಿನ ಐಫೋನುಗಳು ಬಳಸುವ ಎಚ್‌ಇವಿಸಿ ಕೋಡೆಕ್. ವಾಟ್ಸಾಪ್ ಕುಗ್ಗಿಸಿದ್ದರೆ ಸಾಮಾನ್ಯವಾಗಿ `avc1` ಇರುತ್ತಿತ್ತು. ಫೋನು ಬೆಳಕಿಗೆ ತಕ್ಕಂತೆ ಫ್ರೇಮುಗಳ ನಡುವಿನ ಅಂತರವನ್ನು ತುಸು ಹೆಚ್ಚುಕಡಿಮೆ ಮಾಡುವುದರಿಂದ 29.98ರಂಥ ಅಂಕಿ ಸಹಜ. ಎಲ್ಲಾದರೂ `Lavf` ಎಂಬ ಪದ ಕಂಡಿದ್ದರೆ ಫೈಲು ಎಫ್‌ಎಫ್‌ಎಂಪೆಗ್ ಬಳಸುವ ಯಾವುದೋ ಆ್ಯಪಿನ ಮೂಲಕ ಬಂದಿದೆ ಎಂದರ್ಥ. ಅದೊಂದೇ ಮೋಸಕ್ಕೆ ಸಾಕ್ಷಿಯಲ್ಲ.

ಆದರೂ ಗೆಳೆಯರು ಫೋನೆತ್ತಿ ಜಗಳಕ್ಕೆ ಹೋಗದಂತೆ ತಡೆದೆವು. ಫೋನಿನ ಗಡಿಯಾರ ತಪ್ಪಿದ್ದರೆ ತಾರೀಖೂ ತಪ್ಪುತ್ತದೆ. ಬೇಕೆಂದವರು ಇದೇ ಎಕ್ಸಿಫ್‌ಟೂಲ್‌ನಿಂದ ಒಂದೇ ಸಾಲಿನಲ್ಲಿ ತಾರೀಖು ಬದಲಿಸಲೂಬಹುದು. ಹಾಗಾಗಿ ವಿವರ ಸರಿಯಿದ್ದ ಮಾತ್ರಕ್ಕೆ ವಿಡಿಯೊ ನಿಜವೆನ್ನುವಂತಿಲ್ಲ. ವಿವರ ಇಲ್ಲದಿದ್ದರೆ ಸುಳ್ಳೆನ್ನುವಂತೆಯೂ ಇಲ್ಲ. ಇನ್ನೊಂದು ಪ್ರಶ್ನೆ ಕೇಳಬೇಕೋ ಬೇಡವೋ ಎಂದಷ್ಟೇ ಅದು ಹೇಳುತ್ತದೆ.

ಆ ಪ್ರಶ್ನೆಯನ್ನು ಗೆಳೆಯರು ಮೆತ್ತಗೆ ಕೇಳಿದರು: "ಅಣ್ಣಾ, ಈ ವಿಡಿಯೊ ಮಾರ್ಚಿಂದು ಅಂತ ತೋರಿಸ್ತಿದೆಯಲ್ಲ? ಈಗಲೇ ಮೇಲೆ ಹತ್ತಿ ಒಂದು ವಿಡಿಯೊ ಕಾಲ್ ಮಾಡ್ತೀರಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ಕೆಳಗಿನ ಸ್ಲ್ಯಾಬಿಂದು. ಮೇಲಿನದಕ್ಕೆ ಸೆಂಟ್ರಿಂಗ್ ಆಗಿದೆ ಅಷ್ಟೆ. ಮಳೆ ಬಿಡ್ಲಿಲ್ಲ, ಕೂಲಿಯವರಿಗೆ ಕೊಡಲು ಕೈಯಲ್ಲಿ ಕಾಸಿರಲಿಲ್ಲ" ಎಂದರು. ಕೂಲಿಗೆ ಬೇಕಾದಷ್ಟು ಮಾತ್ರ ಅಂದು ಹೋಯಿತು. ಉಳಿದದ್ದು, ಮೇಲಿನ ಸ್ಲ್ಯಾಬಿಗೆ ಕಾಂಕ್ರೀಟ್ ಬೀಳುವುದನ್ನು ಗೆಳೆಯರ ಬಾವನೇ ಅಲ್ಲಿ ನಿಂತು ತೋರಿಸಿದ ಮೇಲೆ.

ಕೊನೆಗೊಂದು ಎಚ್ಚರಿಕೆ. ಲೊಕೇಶನ್ ಆನ್ ಇದ್ದರೆ ಈ ಪಟ್ಟಿಯಲ್ಲಿ ಚಿತ್ರೀಕರಿಸಿದ ಜಾಗದ ಅಕ್ಷಾಂಶ ರೇಖಾಂಶವೂ ಇರುತ್ತದೆ. ಮನೆಯ, ಮಕ್ಕಳ ವಿಡಿಯೊಗಳ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಗುರುತಿಲ್ಲದವರಿಗೆ ಕಳಿಸಬೇಡಿ.