ಎಂಬತ್ತು ನಿಮಿಷದ ಹುಡುಗಿ ಮತ್ತು ತರಗತಿಯ ಸರಾಸರಿ

ಮನೆಯಿಂದ ಶಾಲೆಗೆ ಬರಲು ಎಷ್ಟು ನಿಮಿಷ ಬೇಕು? ಏಳನೇ ತರಗತಿಯಲ್ಲಿ ದತ್ತಾಂಶಗಳ ಪಾಠ ಶುರುವಾದಾಗ ಕೇಳಲು ಇದಕ್ಕಿಂತ ಸುಲಭದ ಪ್ರಶ್ನೆ ಸಿಗುವುದು ಕಷ್ಟ. ಹನ್ನೊಂದು ಮಕ್ಕಳು ಕೂತ ಸಾಲಿನಲ್ಲೇ ಉತ್ತರ ಹೇಳಿದರು, ಶಿಕ್ಷಕರು ಅದನ್ನು ಹಾಗೇ ಬೋರ್ಡಿನ ಮೇಲೆ ಬರೆದರು ಎಂದುಕೊಳ್ಳೋಣ: 15, 10, 25, 10, 5, 80, 12, 20, 10, 18, 15. ಆರನೆಯವಳು ಕಾಫಿ ತೋಟದ ಲೈನ್ ಮನೆಯಿಂದ ಬರುವ ಹುಡುಗಿ. ಡಾಂಬರು ರಸ್ತೆಯವರೆಗೆ ನಡೆದು, ಬಸ್ಸಿಗೆ ಕಾದು, ಶಾಲೆ ಮುಟ್ಟುವಷ್ಟರಲ್ಲಿ 80 ನಿಮಿಷ ಆಗಿರುತ್ತದೆ.

ಸರಾಸರಿ, ಮಧ್ಯಾಂಕ, ಬಹುಲಕ ಮೂರನ್ನೂ ಕಲಿಸಲು ಈ ಪುಟ್ಟ ಪಟ್ಟಿ ಸಾಕು. ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ ಎಂಬುದೂ ಇದರಲ್ಲೇ ಕಾಣುತ್ತದೆ.

ಮೊದಲ ಎಡವು ಮಧ್ಯಾಂಕದಲ್ಲಿ. ಮಧ್ಯದ ಸಂಖ್ಯೆಯೇ ಮಧ್ಯಾಂಕ ಎಂದು ಕಲಿತ ಮಗು ಬೋರ್ಡಿನ ಮೇಲಿನ ಪಟ್ಟಿಯಲ್ಲಿ ಎಡದಿಂದ ಐದು, ಬಲದಿಂದ ಐದು ಬಿಟ್ಟು ನಡುವಿನದಕ್ಕೆ ಬೆರಳಿಡುತ್ತದೆ. ಅಲ್ಲಿರುವುದು 80. ಇಡೀ ತರಗತಿಯಲ್ಲಿ ಅತಿ ದೊಡ್ಡ ಸಂಖ್ಯೆಯೇ ನಡುವಿನ ಬೆಲೆಯಾಗಿ ಕೂತುಬಿಡುತ್ತದೆ. ಉತ್ತರ ತಪ್ಪೆಂದು ಮಗುವಿಗೇ ಅನುಮಾನ ಬರಲಿ ಎಂದೇ ಪ್ರಶ್ನೆ ಸಿದ್ಧಪಡಿಸುವ ಶಿಕ್ಷಕರು ವಿಪರೀತ ಬೆಲೆಯನ್ನು ಇಂಥ ಜಾಗದಲ್ಲಿ ಇಡಬೇಕು. ಏರಿಕೆ ಕ್ರಮದಲ್ಲಿ ಬರೆದಾಗ ಪಟ್ಟಿ ಹೀಗಾಗುತ್ತದೆ: 5, 10, 10, 10, 12, 15, 15, 18, 20, 25, 80. ಆರನೆಯದು 15. ಅದೇ ಮಧ್ಯಾಂಕ.

ಹೆಚ್ಚು ಸಲ ಬಂದಿರುವುದು 10, ಆದ್ದರಿಂದ ಬಹುಲಕ 10. ಇಲ್ಲಿ ಕೆಲವರು 3 ಎಂದು ಬರೆಯುತ್ತಾರೆ. ಅದು ಎಷ್ಟು ಸಲ ಬಂತು ಎನ್ನುವ ಲೆಕ್ಕ, ಅಂದರೆ ಆವೃತ್ತಿ. ಕೇಳಿದ್ದು ಯಾವ ಬೆಲೆ ಹೆಚ್ಚು ಸಲ ಬಂತು ಎಂದು.

ಇನ್ನು ಸರಾಸರಿ. ಎಲ್ಲವನ್ನೂ ಕೂಡಿದರೆ 220, ಹನ್ನೊಂದರಿಂದ ಭಾಗಿಸಿದರೆ 20. ಲೆಕ್ಕ ಸರಿಯಾಗಿದೆ. ‘ಈ ತರಗತಿಯ ಮಕ್ಕಳು ಸಾಮಾನ್ಯವಾಗಿ 20 ನಿಮಿಷದಲ್ಲಿ ಶಾಲೆಗೆ ಬರುತ್ತಾರೆ’ ಎಂದು ಬರೆದರೆ ಮಾತ್ರ ಮಾತು ಹದ ತಪ್ಪುತ್ತದೆ. ಸರಿಯಾಗಿ 20 ನಿಮಿಷ ಬೇಕಾಗುವುದು ಒಬ್ಬರಿಗೆ. ಎಂಟು ಮಕ್ಕಳು ಅದಕ್ಕಿಂತ ಬೇಗ ತಲುಪುತ್ತಾರೆ. ತಡವಾಗುವುದು ಇಬ್ಬರಿಗೆ ಮಾತ್ರ. ಸರಾಸರಿಯನ್ನು ಮೇಲಕ್ಕೆ ಎಳೆದದ್ದು ಯಾರೆಂದು ತಿಳಿಯಲು ಆ ಹುಡುಗಿಯನ್ನು ಬಿಟ್ಟು ಉಳಿದ ಹತ್ತು ಮಕ್ಕಳ ಲೆಕ್ಕ ಹಾಕಿದರಾಯಿತು. ಮೊತ್ತ 140, ಸರಾಸರಿ 14. ಒಂದೇ ಸಂಖ್ಯೆಯಿಂದ ಆರು ನಿಮಿಷದ ವ್ಯತ್ಯಾಸ. ಹತ್ತು ಬೆಲೆಗಳಿರುವಾಗ ನಡುವಿನ ಎರಡು, ಅಂದರೆ 12 ಮತ್ತು 15 ಕೂಡಿಸಿ ಅರ್ಧ ಮಾಡಬೇಕು. ಹಾಗಾಗಿ ಮಧ್ಯಾಂಕ 13.5. ಅದು ಸರಿದದ್ದು ಒಂದೂವರೆ ನಿಮಿಷ. ಬಹುಲಕ ಅಲ್ಲಾಡಲೇ ಇಲ್ಲ.

ಇಷ್ಟನ್ನು ಕಂಡ ಮಕ್ಕಳು ಎರಡು ಅವಸರದ ತೀರ್ಮಾನಕ್ಕೆ ಬರುತ್ತಾರೆ. ವಿಪರೀತ ಬೆಲೆ ಮಧ್ಯಾಂಕವನ್ನು ಮುಟ್ಟುವುದೇ ಇಲ್ಲ ಎಂಬುದು ಒಂದು. ಆ 80ರ ಬದಲು 120 ಬರೆದು ನೋಡಿದರೆ ಮಧ್ಯಾಂಕ 15ರಲ್ಲೇ ಉಳಿಯುತ್ತದೆ, ಸರಾಸರಿ ಸುಮಾರು 23.6ಕ್ಕೆ ಏರುತ್ತದೆ. ಇಲ್ಲಿಯವರೆಗೆ ಮಕ್ಕಳ ಮಾತು ಸರಿ. ಆದರೆ ಹುಡುಗಿ ಹೇಳಿದ್ದು 8, ಬರೆದುಕೊಂಡವರ ಕೈತಪ್ಪಿ ಒಂದು ಸೊನ್ನೆ ಸೇರಿತು ಎಂದಿಟ್ಟುಕೊಳ್ಳಿ. ತಿದ್ದಿದ ಪಟ್ಟಿಯಲ್ಲಿ ಆರನೆಯ ಬೆಲೆ 12. ಸಂಖ್ಯೆ ನಡುವಿನ ಗೆರೆ ದಾಟಿ ಈಚೆಗೆ ಬಂದುದರಿಂದ ಮಧ್ಯಾಂಕವೂ ಮೂರು ನಿಮಿಷ ಇಳಿಯಿತು. ಸಂಖ್ಯೆ ಎಷ್ಟು ದೊಡ್ಡದು ಎಂಬುದು ಮಧ್ಯಾಂಕಕ್ಕೆ ಬೇಕಿಲ್ಲ, ಅದು ನಡುವಿನ ಯಾವ ಕಡೆಗಿದೆ ಎಂಬುದು ಬೇಕು.

ಎರಡನೆಯದು, ದೂರ ನಿಂತ ಸಂಖ್ಯೆಯನ್ನು ಹೊಡೆದುಹಾಕಿದರೆ ಆಯಿತು ಎಂಬ ತೀರ್ಮಾನ. ಇದು ಹೆಚ್ಚು ಹಾನಿ ಮಾಡುವಂಥದ್ದು. 80 ಬರೆಯುವಾಗಿನ ತಪ್ಪಾಗಿದ್ದರೆ ಹುಡುಗಿಯನ್ನೇ ಮತ್ತೊಮ್ಮೆ ಕೇಳಿ ತಿದ್ದಬೇಕು. ನಿಜವೇ ಆಗಿದ್ದರೆ ಅದನ್ನು ತೆಗೆಯುವುದೆಂದರೆ ಆ ಹುಡುಗಿಯನ್ನು ಹಾಜರಿ ಪುಸ್ತಕದಿಂದಲೇ ತೆಗೆದ ಹಾಗೆ. ಬಸ್ಸಿನ ವೇಳೆ ಬದಲಿಸಬೇಕೇ ಎಂದು ನಿರ್ಧರಿಸಲು ಈ ಸಮೀಕ್ಷೆ ನಡೆದಿದ್ದರೆ, ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ ಅದೇ.

ಪಟ್ಟಿಯ ಇನ್ನೊಂದು ತುದಿಯಲ್ಲೂ ಒಂದು ಗುಂಡಿ ಇದೆ. ಶಾಲೆಯ ಆವರಣದಲ್ಲೇ ಇರುವ ಹಾಸ್ಟೆಲ್ಲಿನ ಹುಡುಗನೊಬ್ಬ ಹನ್ನೆರಡನೆಯವನಾಗಿ ಸೇರಿ ‘ಸೊನ್ನೆ’ ಎಂದ. ಮೊತ್ತ 220ರಲ್ಲೇ ಉಳಿಯಿತು. ಸೊನ್ನೆ ಎಂದರೆ ಏನೂ ಇಲ್ಲ ಎಂದುಕೊಂಡವರು ಮತ್ತೆ ಹನ್ನೊಂದರಿಂದಲೇ ಭಾಗಿಸಿ 20 ಎನ್ನುತ್ತಾರೆ. ಅವನೂ ಉತ್ತರ ಕೊಟ್ಟಿದ್ದಾನೆ, ಭಾಗಿಸಬೇಕಾದ್ದು ಹನ್ನೆರಡರಿಂದ. ಸರಾಸರಿ ಸುಮಾರು 18.3. ಅದೇ ಅವನು ಆ ದಿನ ಗೈರುಹಾಜರಾಗಿ ಅವನ ಮುಂದಿನ ಜಾಗ ಖಾಲಿ ಇದ್ದಿದ್ದರೆ, ಆ ಖಾಲಿಯನ್ನು ಸೊನ್ನೆ ಎಂದು ಎಣಿಸುವುದು ಅಷ್ಟೇ ದೊಡ್ಡ ತಪ್ಪಾಗುತ್ತಿತ್ತು.

ಹಾಗಾದರೆ ವಿಪರೀತ ಬೆಲೆಗಳು ಇರಬಹುದಾದ ಕಡೆಯೆಲ್ಲ ಮಧ್ಯಾಂಕವೇ ಮೇಲೇ? ಫ್ರಾನ್ಸಿಸ್ ಗಾಲ್ಟನ್ ಹಾಗೆಂದೇ ನಂಬಿದ್ದ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ಜಾನುವಾರು ಪ್ರದರ್ಶನದಲ್ಲಿ ಎತ್ತೊಂದನ್ನು ನಿಲ್ಲಿಸಿ, ಕಡಿದು ಹಸನು ಮಾಡಿದ ಮೇಲೆ ಅದರ ತೂಕ ಎಷ್ಟಾಗಬಹುದು ಎಂದು ಊಹಿಸುವ ಪಂದ್ಯ ಇಟ್ಟಿದ್ದರು. ಜನ ಬರೆದುಕೊಟ್ಟ 787 ಚೀಟಿಗಳನ್ನು ಗಾಲ್ಟನ್ ಏರಿಕೆ ಕ್ರಮದಲ್ಲಿ ಜೋಡಿಸಿ, ನಡುವಿನದನ್ನು ಹೆಕ್ಕಿ, 1907ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ. ಸರಾಸರಿ ತೆಗೆದರೆ ತಲೆಬುಡವಿಲ್ಲದ ಊಹೆ ಮಾಡಿದವನಿಗೇ ಹೆಚ್ಚು ತೂಕ ಸಿಕ್ಕಿಬಿಡುತ್ತದೆ ಎಂಬುದು ಅವನ ವಾದ. ಮಧ್ಯಾಂಕ 1207 ಪೌಂಡ್, ನಿಜವಾದ ತೂಕ 1198. ಒಂಬತ್ತು ಪೌಂಡ್ ಮಾತ್ರ ವ್ಯತ್ಯಾಸ. ಆಮೇಲೆ ಸರಾಸರಿಯನ್ನೂ ಲೆಕ್ಕ ಹಾಕಿದಾಗ ಬಂದದ್ದು 1197.

ಅಲ್ಲಿ ಸರಾಸರಿ ಕೈಕೊಡದಿರಲು ಕಾರಣವಿದೆ. ಕೆಲವರು ತೀರಾ ಕಡಿಮೆ ಹೇಳಿದ್ದರು, ಕೆಲವರು ತೀರಾ ಹೆಚ್ಚು. ಎರಡೂ ಕಡೆಯ ತಪ್ಪುಗಳು ಒಂದನ್ನೊಂದು ಕಳೆದುಕೊಂಡವು. ಶಾಲೆಗೆ ಬರುವ ನಿಮಿಷಗಳ ಪಟ್ಟಿಯಲ್ಲಿ ಹಾಗಾಗಲು ದಾರಿಯಿಲ್ಲ. ಸೊನ್ನೆಗಿಂತ ಕೆಳಗೆ ಯಾರೂ ಹೋಗಲಾರರು, ಮೇಲಕ್ಕೆ ಎಷ್ಟು ದೂರ ಬೇಕಾದರೂ ಹೋಗಬಹುದು. ಆದ್ದರಿಂದ ವಿಪರೀತ ಬೆಲೆ ಇದೆಯೇ ಎಂಬುದರ ಜೊತೆಗೆ, ಅದು ಒಂದೇ ಕಡೆ ಇದೆಯೇ ಎಂದೂ ಮಕ್ಕಳು ನೋಡಬೇಕು.

ಪರೀಕ್ಷೆಯ ಪ್ರಶ್ನೆ ಇದನ್ನೆಲ್ಲ ಅಳೆಯಬೇಕಾದರೆ ‘ಮೂರನ್ನೂ ಕಂಡುಹಿಡಿಯಿರಿ’ ಎಂದಷ್ಟೇ ಕೇಳಿದರೆ ಸಾಲದು, ಯಾವ ಕೆಲಸಕ್ಕೆ ಯಾವುದು ಎಂದೂ ಕೇಳಬೇಕು. ಮಕ್ಕಳು ನಡೆದು ಬರುತ್ತಾರೋ, ಸೈಕಲ್ಲಿನಲ್ಲೋ, ಬಸ್ಸಿನಲ್ಲೋ ಎಂಬ ಸಮೀಕ್ಷೆಗೆ ಬಹುಲಕವೊಂದೇ ಉತ್ತರ. ಸೈಕಲ್ಲನ್ನೂ ಬಸ್ಸನ್ನೂ ಕೂಡಿ ಭಾಗಿಸಲಾಗದು. ಸಾಮಾನ್ಯ ಮಗುವಿಗೆ ಎಷ್ಟು ಹೊತ್ತು ಬೇಕು ಎಂದರೆ ಮಧ್ಯಾಂಕ. ಪ್ರವಾಸಕ್ಕೆ ಒಟ್ಟು ಎಷ್ಟು ಹಣ ಕೂಡಿತು ಎಂಬ ಕಡೆ ಸರಾಸರಿಯೇ ಬೇಕು. ಅದನ್ನು ಮಕ್ಕಳ ಸಂಖ್ಯೆಯಿಂದ ಗುಣಿಸಿದರೆ ಮೊತ್ತ ವಾಪಸು ಸಿಗುತ್ತದೆ, ಮಧ್ಯಾಂಕದಿಂದ ಸಿಗದು.

ಈ ಗುಣವನ್ನೇ ಹಿಡಿದು ಲೆಕ್ಕವನ್ನು ತಿರುಗಿಸಿಯೂ ಕೊಡಬಹುದು. ಹತ್ತು ಮಕ್ಕಳ ಸರಾಸರಿ 14 ನಿಮಿಷ. ಹೊಸದಾಗಿ ಒಬ್ಬಳು ಸೇರಿದ ಮೇಲೆ ಅದು 20 ಆಯಿತು. ಅವಳಿಗೆ ಎಷ್ಟು ಹೊತ್ತು ಬೇಕು? 26 ಎಂದವರು ಏರಿದ ಆರನ್ನು 20ಕ್ಕೆ ಕೂಡಿಸಿದ್ದಾರೆ. ಮೊದಲಿನ ಮೊತ್ತ 140, ಈಗಿನದು 220 ಎಂದು ಎರಡನ್ನೂ ಬರೆದು ಕಳೆದವರಿಗೆ 80 ಸಿಗುತ್ತದೆ. ಅವಳು ತನ್ನ ಪಾಲಿನ 20 ನಿಮಿಷದ ಜೊತೆಗೆ ಉಳಿದ ಹತ್ತೂ ಮಕ್ಕಳ ಲೆಕ್ಕಕ್ಕೆ ತಲಾ ಆರು ನಿಮಿಷ ಸೇರಿಸಿದ್ದಾಳೆ.